ಐದು ದಾಟಿದರೆ ಮೂರು ಕೂಡಿಸು

ಎಟಿಮೆಗಾ328ಪಿ ಎಂಬ ಚಿಪ್ಪಿಗೆ ಭಾಗಾಕಾರ ಬರುವುದಿಲ್ಲ. ಹವ್ಯಾಸಿಗಳ ಮೇಜಿನ ಮೇಲೆಲ್ಲ ಕಾಣುವ ಆರ್ಡುಯಿನೊ ಊನೊ ಬೋರ್ಡಿನ ಹೊಟ್ಟೆಯಲ್ಲಿರುವುದು ಇದೇ ಚಿಪ್ಪು. ಅದಕ್ಕೆ ಕೂಡುವುದು ಗೊತ್ತು, ಕಳೆಯುವುದು ಗೊತ್ತು, ಎಂಟು ಬಿಟ್‌ನ ಎರಡು ಸಂಖ್ಯೆಗಳನ್ನು ಗುಣಿಸುವುದೂ ಗೊತ್ತು. ಭಾಗಿಸು ಎಂದು ಹೇಳುವ ಸೂಚನೆ ಮಾತ್ರ ಅದರ ಪಟ್ಟಿಯಲ್ಲಿಲ್ಲ. ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಈ ಕೊರತೆ ತಿಳಿಯುವುದೇ ಇಲ್ಲ, ಏಕೆಂದರೆ ಭಾಗಾಕಾರ ಕಂಡಲ್ಲೆಲ್ಲ ಕಂಪೈಲರ್ ಬೇರೇನಾದರೂ ದಾರಿ ಹುಡುಕಿ ಕೆಲಸ ಮುಗಿಸಿಕೊಡುತ್ತದೆ. ಅಸೆಂಬ್ಲಿಯಲ್ಲಿ ಬರೆಯುವವರು ಆ ದಾರಿಯನ್ನು ತಾವೇ ಹುಡುಕಬೇಕು.

ಭಾಗಾಕಾರ ಬೇಕಾಗುವುದು ಯಾವಾಗ? ಬಹುತೇಕ ಸಲ, ಯಾವುದೋ ಒಂದು ಸಂಖ್ಯೆಯನ್ನು ಮನುಷ್ಯರ ಕಣ್ಣಿಗೆ ತೋರಿಸಬೇಕಾದಾಗ. ಸೆನ್ಸರಿನಿಂದ ಬಂದ ಅಳತೆ 243 ಎಂದುಕೊಳ್ಳಿ. ಚಿಪ್ಪಿನ ರಿಜಿಸ್ಟರಿನಲ್ಲಿ ಅದು 11110011 ಎಂಬ ಎಂಟು ಬಿಟ್‌ಗಳಾಗಿ ಕೂತಿರುತ್ತದೆ. ಹೊರಗೆ ಮೂರು ಮನೆಗಳ ಕೆಂಪು ಡಿಸ್‌ಪ್ಲೇ ಕಾಯುತ್ತಿದೆ. ಮೊದಲ ಮನೆಗೆ 2, ಎರಡನೆಯದಕ್ಕೆ 4, ಮೂರನೆಯದಕ್ಕೆ 3 ಹೋಗಬೇಕು. ಆ ಎಂಟು ಬಿಟ್‌ಗಳನ್ನು ಎಷ್ಟು ದಿಟ್ಟಿಸಿ ನೋಡಿದರೂ ಅಲ್ಲಿ ಎರಡು, ನಾಲ್ಕು, ಮೂರು ಎಂಬ ಅಂಕಿಗಳು ಕಾಣುವುದಿಲ್ಲ. ಕಾಗದದ ಮೇಲಾದರೆ ನಾವು ನೂರರಿಂದ ಭಾಗಿಸಿ, ಉಳಿದದ್ದನ್ನು ಹತ್ತರಿಂದ ಭಾಗಿಸಿ ಅಂಕಿಗಳನ್ನು ಬಿಡಿಸುತ್ತಿದ್ದೆವು.

ಹೀಗೆ ಬಿಡಿಸಿದ ಅಂಕಿಗಳನ್ನು ಇಡುವ ರೂಪಕ್ಕೆ ಬಿಸಿಡಿ ಎನ್ನುತ್ತಾರೆ. ನಿಯಮ ಸುಲಭ: ಒಂದೊಂದು ದಶಮಾನ ಅಂಕಿಗೂ ನಾಲ್ಕು ನಾಲ್ಕು ಬಿಟ್. 243 ಆಗ 0010 0100 0011 ಆಗುತ್ತದೆ. ನಾಲ್ಕು ಬಿಟ್‌ಗಳ ಈ ಗುಂಪಿಗೆ ನಿಬಲ್ ಎಂದು ಹೆಸರು. ನಿಬಲ್‌ನಲ್ಲಿ 0ರಿಂದ 15ರವರೆಗೆ ಬರೆಯಬಹುದು, ಆದರೆ ಬಿಸಿಡಿಯಲ್ಲಿ 9ರ ಆಚೆಗಿನ ಆರು ರೂಪಗಳಿಗೆ ಪ್ರವೇಶವಿಲ್ಲ. ಈ ಆರನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಇವುಗಳದ್ದೇ.

ಕ್ಯಾಲ್ಕುಲೇಟರ್‌ಗಳ ಕಾಲದಿಂದಲೂ ಬಿಸಿಡಿ ಚಿಪ್ಪುಗಳ ಜೊತೆಗೇ ಇದೆ. 1971ರ ಇಂಟೆಲ್ 4004 ಹುಟ್ಟಿದ್ದೇ ಬ್ಯುಸಿಕಾಮ್ ಎಂಬ ಜಪಾನಿ ಕಂಪನಿಯ ಕ್ಯಾಲ್ಕುಲೇಟರ್‌ಗಾಗಿ. ನಾಲ್ಕು ಬಿಟ್‌ನ ಆ ಪುಟ್ಟ ಪ್ರೊಸೆಸರಿನಲ್ಲೂ ದಶಮಾನ ತಿದ್ದುಪಡಿಗೆಂದೇ `DAA` ಎಂಬ ಸೂಚನೆ ಇತ್ತು. ಇಂದಿಗೂ ಗಡಿಯಾರದ ಚಿಪ್ಪು ಡಿಎಸ್1307 ಗಂಟೆ, ನಿಮಿಷಗಳನ್ನು ಬಿಸಿಡಿಯಲ್ಲೇ ಕೊಡುತ್ತದೆ. ಹಾಗೆ ಬಂದದ್ದನ್ನು ನೇರವಾಗಿ ಡಿಸ್‌ಪ್ಲೇಗೆ ಕಳುಹಿಸಬಹುದು. ತೊಂದರೆ ಇರುವುದು ನಾವೇ ಎಣಿಸಿದ, ಅಳೆದ ಬೈನರಿ ಸಂಖ್ಯೆಗಳಲ್ಲಿ.

ಭಾಗಿಸದೆ ಈ ಕೆಲಸ ಮಾಡುವ ಒಂದು ಉಪಾಯವನ್ನು ಇಂಗ್ಲಿಷ್ ಪುಸ್ತಕಗಳು ಡಬಲ್ ಡ್ಯಾಬಲ್ ಎಂದು ಕರೆಯುತ್ತವೆ. ಬಿಟ್‌ಗಳನ್ನು ಒಂದೊಂದಾಗಿ ಎಡಕ್ಕೆ ಸರಿಸುತ್ತಾ ಹೋಗುವುದು, ಪ್ರತಿ ಸಲ ಸರಿಸುವ ಮೊದಲು ಐದು ಅಥವಾ ಅದಕ್ಕಿಂತ ದೊಡ್ಡದಾದ ಅಂಕಿಗೆ ಮೂರು ಕೂಡಿಸುವುದು, ಇಷ್ಟೇ ವಿಧಾನ. ಪಠ್ಯಪುಸ್ತಕಗಳು ಇದನ್ನು ಅಡುಗೆ ವಿಧಾನದಂತೆ ಕೊಟ್ಟು ಮುಂದೆ ಹೋಗುತ್ತವೆ. ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ, ಉತ್ತರ ಸರಿ ಬರುತ್ತದೆ, ಐದೇ ಏಕೆ, ಮೂರೇ ಏಕೆ ಎಂದು ಯಾರೂ ಕೇಳುವುದಿಲ್ಲ. ಕೇಳದವರಿಗೆ ಪ್ರೋಗ್ರಾಂ ಕೆಟ್ಟಾಗ ಎಲ್ಲಿ ಕೆಟ್ಟಿತೆಂದು ಹುಡುಕಲು ದಾರಿಯೇ ಇರುವುದಿಲ್ಲ. ಹಾಗಾಗಿ ಮೊದಲು ಕಾರಣ, ಆಮೇಲೆ ಕೋಡ್.

ಬೈನರಿ ಸಂಖ್ಯೆಯನ್ನು ಎಡದಿಂದ ಬಲಕ್ಕೆ ಓದುವುದೆಂದರೆ ಏನು ಎಂಬಲ್ಲಿಂದ ಶುರುಮಾಡೋಣ. ಕೈಯಲ್ಲಿ ಸೊನ್ನೆ ಇದೆ ಎಂದುಕೊಳ್ಳಿ. ಎಡತುದಿಯ ಬಿಟ್‌ನಿಂದ ಹೊರಟು, ಪ್ರತಿ ಬಿಟ್‌ಗೂ ಕೈಯಲ್ಲಿರುವುದನ್ನು ಎರಡರಷ್ಟು ಮಾಡಿ, ಆ ಬಿಟ್ಟನ್ನು ಕೂಡಿಸಿ. 11110011ಕ್ಕೆ ಹೀಗೆ ಮಾಡಿದರೆ ಕೈಯಲ್ಲಿ ಕ್ರಮವಾಗಿ 1, 3, 7, 15, 30, 60, 121, 243 ಬರುತ್ತವೆ. ಎಂಟನೆಯ ಹೆಜ್ಜೆಗೆ ಸಂಖ್ಯೆ ಪೂರ್ತಿ. ಇಲ್ಲಿ ಭಾಗಾಕಾರದ ಸುಳಿವೇ ಇಲ್ಲ. ಬೇಕಾದದ್ದು ಎರಡರಷ್ಟು ಮಾಡುವ ವಿದ್ಯೆ ಒಂದೇ. ಆ ದ್ವಿಗುಣವನ್ನು ದಶಮಾನದ ಅಂಕಿಗಳಲ್ಲೇ ಮಾಡಿಬಿಟ್ಟರೆ, ಅಂದರೆ 7ನ್ನು ದ್ವಿಗುಣಿಸಿದಾಗ ಬಿಡಿಸ್ಥಾನದಲ್ಲಿ 4 ಉಳಿದು ಹತ್ತರ ಸ್ಥಾನಕ್ಕೆ 1 ಹೋಗುವಂತೆ ನೋಡಿಕೊಂಡರೆ, ಕೊನೆಯಲ್ಲಿ ಸಿಗುವುದು ಅಂಕಿ ಅಂಕಿಯಾಗಿ ಬಿಡಿಸಿದ 243.

ಚಿಪ್ಪಿನಲ್ಲಿ ಎರಡರಷ್ಟು ಮಾಡುವುದೆಂದರೆ ಎಲ್ಲ ಬಿಟ್‌ಗಳನ್ನು ಒಂದು ಮನೆ ಎಡಕ್ಕೆ ಸರಿಸುವುದು. ಖಾಲಿಯಾದ ಬಲತುದಿಗೆ ಹೊಸ ಬಿಟ್ ಬಂದು ಕೂರುತ್ತದೆ, ಹಾಗಾಗಿ ಕೂಡಿಸುವ ಕೆಲಸವೂ ಅದರಲ್ಲೇ ಮುಗಿಯುತ್ತದೆ. ತೊಡಕು ಬರುವುದು ದಶಕ ಸಾಗಿಸುವಲ್ಲಿ. ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರಿನ ಅಂಕಿಗಾಲಿಗಳನ್ನು ನೆನಪಿಸಿಕೊಳ್ಳಿ. ಬಿಡಿ ಅಂಕಿಯ ಗಾಲಿ 9 ದಾಟಿ ಸೊನ್ನೆಗೆ ಬಂದಾಗ ಪಕ್ಕದ ಗಾಲಿಯನ್ನು ಒಂದು ಮನೆ ಮುಂದಕ್ಕೆ ಎಳೆಯುತ್ತದೆ. ನಮ್ಮ ನಿಬಲ್ ಕೂಡ ಅಂಥದೇ ಗಾಲಿ, ಆದರೆ ಅದರಲ್ಲಿ ಹತ್ತಲ್ಲ, ಹದಿನಾರು ಮನೆಗಳಿವೆ. 15 ದಾಟುವವರೆಗೂ ಅದು ಪಕ್ಕದವನನ್ನು ಮುಟ್ಟುವುದಿಲ್ಲ. ಹತ್ತಕ್ಕೇ ಅದು ಪಕ್ಕದ ಗಾಲಿಯನ್ನು ಎಳೆಯಬೇಕಾದರೆ, ಬಳಕೆಯಿಲ್ಲದ ಆರು ಮನೆಗಳನ್ನು ನಾವೇ ದಾಟಿಸಬೇಕು. ದ್ವಿಗುಣ ಮಾಡಿದ ಫಲ ಹತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಆರು ಕೂಡಿಸಬೇಕು ಎಂದರ್ಥ.

ಹಾಗಾದರೆ ವಿಧಾನ ಮೂರು ಕೂಡಿಸು ಎನ್ನುವುದೇಕೆ? ಸರಿಸಿದ ಮೇಲೆ ಕೂಡಿಸಬೇಕಾದ ಆರನ್ನು ಸರಿಸುವ ಮೊದಲೇ ಕೂಡಿಸುವುದಾದರೆ ಅದರ ಅರ್ಧ ಸಾಕು. ಸರಿಸುವಾಗ ಅದೂ ಎರಡರಷ್ಟಾಗುತ್ತದೆ. ದ್ವಿಗುಣಗೊಂಡಾಗ ಹತ್ತನ್ನು ಮುಟ್ಟುವ ಅತಿ ಚಿಕ್ಕ ಅಂಕಿ ಐದು. ಮೂರು ಎಂದರೆ ಆರರ ಅರ್ಧ, ಐದು ಎಂದರೆ ಹತ್ತರ ಅರ್ಧ. ಇದರಲ್ಲಿ ಬೇರೆ ಗುಟ್ಟಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಸರಿಸಿದ ಮೇಲೆ ನೋಡಿಕೊಂಡು ಆರು ಕೂಡಿಸಿದರೆ ತಪ್ಪೇನು? 5, 6, 7ರ ವಿಷಯದಲ್ಲಿ ತಪ್ಪೇನಿಲ್ಲ. ಸರಿಸಿದಾಗ ಅವು 10ರಿಂದ 15ರ ನಡುವೆಯೇ ನಿಲ್ಲುತ್ತವೆ, ನಿಬಲ್ ನೋಡಿದರೆ ಗೊತ್ತಾಗುತ್ತದೆ. 8ರದ್ದು ಬೇರೆ ಕಥೆ. ಅದನ್ನು ಸರಿಸಿದರೆ 16, ಅಂದರೆ ನಿಬಲ್‌ನಲ್ಲಿ ಉಳಿಯುವುದು ಸೊನ್ನೆ, ಆಚೆ ನಿಬಲ್‌ಗೆ ಹೋದದ್ದು ಒಂದು. ಈಗ ಬಿಡಿಸ್ಥಾನವನ್ನು ನೋಡಿದವನಿಗೆ ಸೊನ್ನೆ ಕಾಣುತ್ತದೆ. ಇದಕ್ಕೆ ಆರು ಕೂಡಿಸಿ 6 ಮಾಡಬೇಕೆಂದು ಅವನಿಗೆ ಹೇಗೆ ತಿಳಿಯಬೇಕು? 9 ಕೂಡ ಹೀಗೆಯೇ 2 ಆಗಿ ಕಾಣುತ್ತದೆ. ಸರಿಸುವ ಮೊದಲಾದರೆ ಯಾವ ಅಂಕಿಯೂ ತಪ್ಪಿಸಿಕೊಂಡಿರುವುದಿಲ್ಲ. ಎಲ್ಲವೂ 0ಯಿಂದ 9ರೊಳಗೆ, ತಮ್ಮ ತಮ್ಮ ನಿಬಲ್‌ನಲ್ಲಿ. ಮೂರು ಕೂಡಿಸಿದರೂ ಅತಿ ಹೆಚ್ಚೆಂದರೆ 12, ಅದೂ ನಾಲ್ಕು ಬಿಟ್‌ಗಳಲ್ಲಿ ಹಿಡಿಯುತ್ತದೆ, ಪಕ್ಕದ ಅಂಕಿಯನ್ನು ಕೆಡಿಸುವುದಿಲ್ಲ. ಮುಂಚೆಯೇ ತಿದ್ದುವುದರ ಜಾಣತನ ಇರುವುದು ಇಲ್ಲಿ.

ಈಗ 243ನ್ನು ಪೂರ್ತಿ ನಡೆಸಿ ನೋಡೋಣ. ಒಳಬರುವ ಬಿಟ್‌ಗಳು ಕ್ರಮವಾಗಿ 1, 1, 1, 1, 0, 0, 1, 1.

```
               ನೂರು   ಹತ್ತು   ಬಿಡಿ    ಬೆಲೆ
ಸರಿಸು 1        0000   0000   0001      1
ಸರಿಸು 2        0000   0000   0011      3
ಸರಿಸು 3        0000   0000   0111      7
ಬಿಡಿಗೆ +3      0000   0000   1010
ಸರಿಸು 4        0000   0001   0101     15
ಬಿಡಿಗೆ +3      0000   0001   1000
ಸರಿಸು 5        0000   0011   0000     30
ಸರಿಸು 6        0000   0110   0000     60
ಹತ್ತಕ್ಕೆ +3     0000   1001   0000
ಸರಿಸು 7        0001   0010   0001    121
ಸರಿಸು 8        0010   0100   0011    243
```

ಮೂರನೆಯ ಸರಿಸುವಿಕೆಯ ನಂತರ ಬಿಡಿಯಲ್ಲಿ 7 ಇದೆ. ಮೂರು ಕೂಡಿಸಿದರೆ 10, ಅಂದರೆ 1010. ಅದನ್ನು ಸರಿಸಿ ಹೊಸ ಬಿಟ್ ಒಂದನ್ನು ಒಳಗೆ ಬಿಟ್ಟರೆ ಹತ್ತರ ಸ್ಥಾನದಲ್ಲಿ 1, ಬಿಡಿಯಲ್ಲಿ 5. ಹದಿನೈದು, ನಮ್ಮ ಲೆಕ್ಕಕ್ಕೆ ಸರಿ. ಬಲತುದಿಯ ಕಂಬಸಾಲನ್ನು ಮೇಲಿನಿಂದ ಕೆಳಗೆ ಓದಿದರೆ ಮೊದಲು ಕೈಯಲ್ಲಿ ಬಂದ ಎಂಟು ಸಂಖ್ಯೆಗಳೇ ಮತ್ತೆ ಸಿಗುತ್ತವೆ. ಪ್ರತಿ ಸರಿಸುವಿಕೆಯ ಕೊನೆಗೆ ರಿಜಿಸ್ಟರಿನಲ್ಲಿರುವುದು ಅದುವರೆಗೆ ಓದಿದ ಬಿಟ್‌ಗಳ ಸರಿಯಾದ ದಶಮಾನ ರೂಪ. ಪ್ರೋಗ್ರಾಮನ್ನು ಹೆಜ್ಜೆ ಹೆಜ್ಜೆಯಾಗಿ ಸಿಮ್ಯುಲೇಟರಿನಲ್ಲಿ ಓಡಿಸುವವರಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಿಲ್ಲ. ಎಲ್ಲಿ ಈ ಸಾಲು ತಪ್ಪುತ್ತದೋ ಆ ಹೆಜ್ಜೆಯಲ್ಲೇ ದೋಷ.

ಎಟಿಮೆಗಾ328ಪಿಯ ಅಸೆಂಬ್ಲಿಯಲ್ಲಿ ಇದು ಹೀಗೆ ಬರುತ್ತದೆ. ಪರಿವರ್ತಿಸಬೇಕಾದ ಸಂಖ್ಯೆ `r16`ರಲ್ಲಿದೆ. ಬಿಡಿ ಮತ್ತು ಹತ್ತು ಎರಡೂ `r17`ರಲ್ಲಿ ಒಂದರ ಪಕ್ಕ ಒಂದು ಕೂರುತ್ತವೆ, ನೂರು `r18`ರಲ್ಲಿ.

```
bin2bcd:
    clr  r17
    clr  r18
    ldi  r19, 8
loop:
    mov  r20, r17
    subi r20, -0x03    ; ಬಿಡಿಗೆ 3
    sbrc r20, 3
    mov  r17, r20
    mov  r20, r17
    subi r20, -0x30    ; ಹತ್ತಕ್ಕೆ 3
    sbrc r20, 7
    mov  r17, r20
    lsl  r16
    rol  r17
    rol  r18
    dec  r19
    brne loop
    ret
```

ಇಲ್ಲಿ ಮೊದಲ ನೋಟಕ್ಕೆ ವಿಚಿತ್ರವೆನಿಸುವ ಎರಡು ಸಂಗತಿಗಳಿವೆ. ಮೂರು ಕೂಡಿಸುವ ಬದಲು ಮೈನಸ್ ಮೂರನ್ನು ಕಳೆಯುತ್ತಿರುವುದೇಕೆ ಎಂಬುದು ಒಂದು. ಈ ಚಿಪ್ಪಿನಲ್ಲಿ ಒಂದು ಬೈಟ್‌ನ ರಿಜಿಸ್ಟರಿಗೆ ನೇರವಾಗಿ ಒಂದು ಸ್ಥಿರಸಂಖ್ಯೆಯನ್ನು ಕೂಡಿಸುವ ಸೂಚನೆ ಇಲ್ಲ, ಕಳೆಯುವ `subi` ಮಾತ್ರ ಇದೆ. ಋಣಸಂಖ್ಯೆಯನ್ನು ಕಳೆದರೆ ಕೂಡಿಸಿದಂತೆಯೇ ಆಯಿತು.

ಇನ್ನೊಂದು, ಅಂಕಿ ಐದಕ್ಕಿಂತ ಕಡಿಮೆಯೋ ಅಲ್ಲವೋ ಎಂದು ಎಲ್ಲೂ ಹೋಲಿಸಿ ನೋಡಿಲ್ಲ. ನೋಡಿಲ್ಲವೆಂದರೆ ಬೇರೆ ರೀತಿಯಲ್ಲಿ ನೋಡಿದೆ. ಮೊದಲು ಪ್ರತಿಯೊಂದನ್ನು ತಾತ್ಕಾಲಿಕವಾಗಿ `r20`ರಲ್ಲಿಟ್ಟು ಸುಮ್ಮನೆ ಮೂರು ಕೂಡಿಸುತ್ತೇವೆ. ಅಂಕಿ 4 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊತ್ತ 7ನ್ನು ದಾಟುವುದಿಲ್ಲ. 5 ಅಥವಾ ಹೆಚ್ಚಿದ್ದರೆ 8 ಅಥವಾ ಮೇಲೆ, ಅಂದರೆ ನಿಬಲ್‌ನ ಎಡತುದಿಯ ಬಿಟ್ 1 ಆಗುತ್ತದೆ. ಆ ಒಂದು ಬಿಟ್ ನೋಡಿದರೆ ಸಾಕು. `sbrc` ಮಾಡುವುದು ಅದನ್ನೇ: ಬಿಟ್ ಸೊನ್ನೆಯಾಗಿದ್ದರೆ ಮುಂದಿನ ಸೂಚನೆಯನ್ನು ಹಾರಿಸಿಬಿಡುತ್ತದೆ, ಕೂಡಿಸಿದ ಫಲ ಬಿದ್ದುಹೋಗುತ್ತದೆ, ಹಳೆಯ ಅಂಕಿ `r17`ರಲ್ಲಿ ಹಾಗೆಯೇ ಉಳಿಯುತ್ತದೆ. ನೂರರ ಸ್ಥಾನವನ್ನು ಈ ಪರೀಕ್ಷೆಗೆ ಒಡ್ಡಿಯೇ ಇಲ್ಲ. ಎಂಟು ಬಿಟ್‌ನ ಅತಿ ದೊಡ್ಡ ಸಂಖ್ಯೆ 255 ಆದ್ದರಿಂದ ಅಲ್ಲಿ ಐದು ಬರುವ ಸಂದರ್ಭವೇ ಇಲ್ಲ.

ಈ ಕೋಡಿನಲ್ಲಿ ನನಗೆ ಬಹಳ ಇಷ್ಟವಾಗುವ ಗುಣವೊಂದಿದೆ. `sbrc` ಹಾರಿಸಿದರೂ ಹಾರಿಸದಿದ್ದರೂ, ಅದು ಮತ್ತು ಮುಂದಿನ `mov` ಸೇರಿ ತೆಗೆದುಕೊಳ್ಳುವುದು ಎರಡೇ ಗಡಿಯಾರ ಬಡಿತ. ಹಾಗಾಗಿ ಸಂಖ್ಯೆ 0 ಇರಲಿ 255 ಇರಲಿ, `clr` ಇಂದ `ret`ವರೆಗೆ ಸರಿಯಾಗಿ 118 ಬಡಿತಗಳು. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಬೋರ್ಡಿನಲ್ಲಿ ಇದು ಸುಮಾರು 7.4 ಮೈಕ್ರೋಸೆಕೆಂಡ್. ಒಂದೇ ಸಮನೆ ಮೂರೂ ಮನೆಗಳನ್ನು ಸರದಿಯ ಮೇಲೆ ಬೆಳಗಿಸುತ್ತಾ ಇರುವ ಡಿಸ್‌ಪ್ಲೇಯಲ್ಲಿ ಇಂಥ ಖಚಿತ ಸಮಯ ಬಹಳ ಅನುಕೂಲ.

ಅಂಕಿಗಳು ಸಿಕ್ಕ ಮೇಲೆ ಉಳಿದದ್ದು ಚಿಕ್ಕ ಕೆಲಸ. ಬಿಡಿ ಬೇಕಾದರೆ `r17`ರ ಕೆಳಗಿನ ನಾಲ್ಕು ಬಿಟ್ ಉಳಿಸಿ ಮಿಕ್ಕದ್ದನ್ನು ಅಳಿಸುವುದು. ಹತ್ತು ಬೇಕಾದರೆ `swap` ಎಂಬ ಸೂಚನೆಯಿಂದ ಎರಡು ನಿಬಲ್‌ಗಳನ್ನು ಅದಲುಬದಲು ಮಾಡಿ ಅದೇ ರೀತಿ ಅಳಿಸುವುದು. ಎಲ್‌ಸಿಡಿಗೆ ಕಳುಹಿಸುವುದಿದ್ದರೆ ಪ್ರತಿ ಅಂಕಿಗೂ `0x30` ಸೇರಿಸಿದರೆ ಅದು ಅಕ್ಷರಸಂಕೇತವಾಗುತ್ತದೆ. ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ ಆದರೆ ಯಾವ ಅಂಕಿಗೆ ಯಾವ ಗೀಟುಗಳು ಹೊತ್ತಬೇಕು ಎಂಬ ಹತ್ತು ಸಾಲಿನ ಪಟ್ಟಿ ಬೇಕು. ಸಾಮಾನ್ಯ ಕ್ಯಾಥೋಡ್ ಬಗೆಯದರಲ್ಲಿ ಎಂದಿನ ಜೋಡಣೆಯಂತೆ 2ಕ್ಕೆ `0x5B`, 4ಕ್ಕೆ `0x66`, 3ಕ್ಕೆ `0x4F`. ಪಟ್ಟಿ ಬೇಡವೆನ್ನುವವರು 4511ರಂಥ ಡಿಕೋಡರ್ ಚಿಪ್ಪು ಹಾಕಿ, ನಾಲ್ಕು ಬಿಟ್‌ಗಳನ್ನು ಅದಕ್ಕೇ ಕೊಟ್ಟು ನಿಶ್ಚಿಂತರಾಗುತ್ತಾರೆ.

ಇನ್ನು ಇದು ಕೆಡುವ ಬಗೆಗಳು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, ಕೊನೆಯ ಸಲ ಸರಿಸಿದ ಮೇಲೂ ಮೂರು ಕೂಡಿಸಿಬಿಡುವುದು. ಲೂಪಿನಲ್ಲಿ ಮೊದಲು ಸರಿಸಿ ಆಮೇಲೆ ತಿದ್ದುವಂತೆ ಬರೆದರೆ ಎಂಟನೆಯ ಸುತ್ತಿನ ಕೊನೆಗೆ ಒಂದು ಅನಗತ್ಯ ತಿದ್ದುಪಡಿ ಉಳಿಯುತ್ತದೆ. ಕೂಡಿಸಿದ ಮೂರನ್ನು ದ್ವಿಗುಣಗೊಳಿಸಲು ಮುಂದೆ ಸರಿಸುವಿಕೆಯೇ ಇಲ್ಲ, ಹಾಗಾಗಿ ಅದು ಬರೀ ಕಸ. ಈ ದೋಷದ ಕುಚೋದ್ಯವೆಂದರೆ, 243ರಿಂದ ಪರೀಕ್ಷಿಸಿದವರಿಗೆ ಅದು ಸಿಗುವುದೇ ಇಲ್ಲ. 2, 4, 3 ಮೂರೂ ಐದಕ್ಕಿಂತ ಕಡಿಮೆ, ಆದ್ದರಿಂದ ಉತ್ತರ ಸರಿಯಾಗಿಯೇ ಬರುತ್ತದೆ. 255 ಕೊಟ್ಟರೆ 288 ಎಂದು ಬಯಲಾಗುತ್ತದೆ. 197 ಕೊಟ್ಟರೆ 9 ಹೋಗಿ 12 ಆಗುತ್ತದೆ, 7 ಹೋಗಿ 10. ಒಂಬತ್ತು ದಾಟಿದ್ದನ್ನು 4511 ತೋರಿಸುವುದೇ ಇಲ್ಲ, ಮನೆಯನ್ನು ಕತ್ತಲಾಗಿಸುತ್ತದೆ. ಹೊರಗೆ ಕಾಣುವುದು ಒಂಟಿ 1. ಡಿಕೋಡರ್ ಇಲ್ಲದೆ ಪಟ್ಟಿ ಬಳಸಿದವರಿಗೆ ಹತ್ತು ಸಾಲಿನ ಪಟ್ಟಿಯ ಆಚೆ ಏನಿದೆಯೋ ಅದು, ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತದೆ. ಡಿಸ್‌ಪ್ಲೇಯಲ್ಲಿ 0ಯಿಂದ 4ರವರೆಗಿನ ಅಂಕಿಗಳು ಸರಿ ಬಂದು, 5, 6ರ ಜಾಗದಲ್ಲಿ 8, 9 ಬಂದು, 7ರಿಂದ ಮೇಲೆ ಮಾಯವಾಗುತ್ತಿದ್ದರೆ ವೈರಿಂಗ್ ಬಿಚ್ಚಲು ಹೋಗಬೇಡಿ. ತಪ್ಪು ಇಲ್ಲಿದೆ.

ಐದು ಮತ್ತು ಐದಕ್ಕಿಂತ ಹೆಚ್ಚು ಎನ್ನುವಲ್ಲಿ ಐದಕ್ಕಿಂತ ಹೆಚ್ಚು ಎಂದು ಮಾತ್ರ ಹೋಲಿಸುವುದು ಇನ್ನೊಂದು. ಇದನ್ನು ಹಿಡಿಯಲು 10 ಕೊಟ್ಟು ನೋಡಿದರೆ ಸಾಕು. ದಾರಿಯಲ್ಲಿ ಬರುವ 5ಕ್ಕೆ ತಿದ್ದುಪಡಿ ತಪ್ಪಿ, ಬಿಡಿಸ್ಥಾನದಲ್ಲಿ 1010 ನಿಂತುಬಿಡುತ್ತದೆ.

ಮೂರನೆಯದು ನನಗೆ ಅತಿ ಸ್ವಾರಸ್ಯಕರವಾದದ್ದು. `lsl`, `rol`, `rol` ಈ ಮೂರು ಸೂಚನೆಗಳು ಒಂದರ ಬೆನ್ನಿಗೆ ಒಂದು ಇರಲೇಬೇಕು. `r16`ರಿಂದ ಹೊರಬಿದ್ದ ಬಿಟ್ ಕ್ಯಾರಿ ಎಂಬ ಒಂದು ಬಿಟ್‌ನ ತಂಗುದಾಣದಲ್ಲಿ ಕ್ಷಣಕಾಲ ನಿಂತು ಅಲ್ಲಿಂದ `r17`ರ ಬಲತುದಿಗೆ ಹೋಗುತ್ತದೆ. ಯಾರೋ ಕೋಡನ್ನು ಚೊಕ್ಕಟ ಮಾಡಲು ಹೋಗಿ ಮೂರು ಕೂಡಿಸುವ ಭಾಗವನ್ನು `lsl` ಮತ್ತು ಮೊದಲ `rol` ನಡುವೆ ತಂದಿಟ್ಟರು ಎನ್ನೋಣ. `subi` ಕಳೆಯುವಾಗ ಕ್ಯಾರಿಯನ್ನು ತನ್ನ ಸಾಲದ ಲೆಕ್ಕಕ್ಕೆ ಬಳಸಿಕೊಂಡು ಹಳೆಯದನ್ನು ಅಳಿಸಿಬಿಡುತ್ತದೆ. ಮೈನಸ್ `0x30` ಎಂದರೆ ಒಂದು ಬೈಟ್‌ನಲ್ಲಿ `0xD0`. ಅಷ್ಟು ದೊಡ್ಡದನ್ನು ನಮ್ಮ ಚಿಕ್ಕ ಬಿಸಿಡಿಯಿಂದ ಕಳೆಯಲು ಪ್ರತಿ ಸಲವೂ ಸಾಲ ಬೇಕು. ಹಾಗಾಗಿ ಕ್ಯಾರಿ ಪ್ರತಿ ಸಲವೂ 1. ಒಳಬರುವ ಎಂಟೂ ಬಿಟ್‌ಗಳು 1 ಆದವು. ನೀವು ಸೊನ್ನೆ ಕೊಡಿ, ನಲವತ್ತೆರಡು ಕೊಡಿ, ಡಿಸ್‌ಪ್ಲೇ 255 ಎನ್ನುತ್ತದೆ. ಸೆನ್ಸರ್ ಕೆಟ್ಟು ತುದಿಗೆ ಅಂಟಿಕೊಂಡಿದೆ ಎಂದು ಹೊಸ ಸೆನ್ಸರ್ ತರಲು ಅಂಗಡಿಗೆ ಹೋಗುವಷ್ಟು ನಂಬಿಕೆ ಹುಟ್ಟಿಸುವ ಸಂಖ್ಯೆ ಅದು! ಲೂಪ್ ಎಣಿಸುವ `dec` ಮಾತ್ರ ಈ ಚಿಪ್ಪಿನಲ್ಲಿ ಕ್ಯಾರಿಯನ್ನು ಮುಟ್ಟುವುದಿಲ್ಲ.

ಪರಿವರ್ತನೆ ಮುಗಿದಾಗ `r16` ಬರಿದಾಗಿರುತ್ತದೆ ಎಂಬುದನ್ನೂ ಮರೆಯಬಾರದು. ಎಂಟು ಸಲ ಸರಿಸಿದ ಮೇಲೆ ಅಲ್ಲಿ ಉಳಿಯುವುದು ಸೊನ್ನೆ. ಮೂಲ ಸಂಖ್ಯೆ ಮುಂದೆ ಬೇಕಿದ್ದರೆ ಮೊದಲೇ ಬೇರೆಡೆ ಇಟ್ಟುಕೊಳ್ಳಬೇಕು.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ 8051 ಓದಿದವರು ಇಷ್ಟು ಹೊತ್ತಿಗೆ ತಾಳ್ಮೆ ಕಳೆದುಕೊಂಡಿರಬಹುದು. ಅವರ ಚಿಪ್ಪಿನಲ್ಲಿ `DIV AB` ಇದೆ. ನೂರರಿಂದ ಒಮ್ಮೆ, ಹತ್ತರಿಂದ ಒಮ್ಮೆ ಭಾಗಿಸಿದರೆ ಕೆಲಸ ಮುಗಿಯಿತು. ಎಂಟು ಬಿಟ್‌ಗೆ ಅದೇ ಸರಿಯಾದ ದಾರಿ, ವಾದವೇ ಬೇಡ. ಆದರೆ ಸಂಖ್ಯೆ ಹದಿನಾರು ಬಿಟ್‌ನದಾದರೆ ಆ `DIV` ಸಾಲದು. ಆಗ 8051ರಲ್ಲೂ ದ್ವಿಗುಣದ ದಾರಿಗೇ ಬರಬೇಕು, ಆದರೆ ಅಲ್ಲಿ ಮೂರರ ಬದಲು ಆರು ಬರುತ್ತದೆ. ಮುಂದಿನ ಬಿಟ್ ಕ್ಯಾರಿಯಲ್ಲಿ ಬಂದು ನಿಂತಿದೆ, ಬಿಸಿಡಿಯ ಎರಡು ಅಂಕಿ `R4`ರಲ್ಲಿವೆ ಎಂದುಕೊಂಡರೆ ತಿರುಳು ಇಷ್ಟು:

```
MOV  A, R4
ADDC A, R4
DA   A
MOV  R4, A
```

ತನ್ನನ್ನೇ ತನಗೆ ಕೂಡಿಸಿಕೊಳ್ಳುವುದೆಂದರೆ ದ್ವಿಗುಣ. ಅದರ ನಂತರ `DA A` ಬಂದು ಎಲ್ಲಿ ಬೇಕೋ ಅಲ್ಲಿ ಆರು ಸೇರಿಸುತ್ತದೆ. ಸರಿಸಿದ ಮೇಲೆ ತಿದ್ದಲು ಹೋದರೆ 8, 9 ತಪ್ಪಿಸಿಕೊಳ್ಳುತ್ತವೆ ಎಂದೆನಲ್ಲ, ಅದಕ್ಕೂ ಇಲ್ಲಿ ವ್ಯವಸ್ಥೆ ಇದೆ: ಕೆಳಗಿನ ನಿಬಲ್‌ನಿಂದ ಮೇಲಿನದಕ್ಕೆ ಏನಾದರೂ ದಾಟಿತೇ ಎಂಬುದನ್ನು ಆಕ್ಸಿಲರಿ ಕ್ಯಾರಿ ಎಂಬ ಇನ್ನೊಂದು ಗುರುತು ನೆನಪಿಟ್ಟುಕೊಂಡಿರುತ್ತದೆ, `DA` ಅದನ್ನು ನೋಡಿಕೊಂಡೇ ತಿದ್ದುತ್ತದೆ. ನೂರು ದಾಟಿದ್ದು ಕ್ಯಾರಿಯಲ್ಲಿ ಉಳಿದು ಮುಂದಿನ ಎರಡು ಅಂಕಿಗಳ ದ್ವಿಗುಣಕ್ಕೆ ಸೇರಿಕೊಳ್ಳುತ್ತದೆ. ಎಟಿಮೆಗಾದಲ್ಲೂ ಅಂಥ ಅರೆ ಕ್ಯಾರಿಯ ಗುರುತು ಇದೆ, ಅದನ್ನು ಬಳಸಿಕೊಳ್ಳುವ ದಶಮಾನ ತಿದ್ದುಪಡಿಯ ಸೂಚನೆ ಇಲ್ಲ. ಮುಂಚೆಯೇ ಮೂರು ಕೂಡಿಸುವ ವಿಧಾನ ಬೇಕಾಗುವುದು ಇಂಥ ಚಿಪ್ಪುಗಳಿಗೆ.

ಎಟಿಮೆಗಾದಲ್ಲಿ ಹದಿನಾರು ಬಿಟ್‌ಗೆ ಬೆಳೆಸುವುದು ಕಷ್ಟವಲ್ಲ. 65535ರವರೆಗೆ ಐದು ಅಂಕಿ, ಅಂದರೆ ಬಿಸಿಡಿಗೆ ಮೂರು ರಿಜಿಸ್ಟರ್, ಹದಿನಾರು ಸುತ್ತು, ನಾಲ್ಕು ಅಂಕಿಗಳಿಗೆ ತಿದ್ದುಪಡಿ. ಐದನೆಯ ಅಂಕಿ ಕೊನೆಗೆ 6 ಆಗಬಹುದಾದರೂ ಕೊನೆಯ ಸರಿಸುವಿಕೆಗೆ ಮೊದಲು 3 ದಾಟಿರುವುದಿಲ್ಲ, ಹಾಗಾಗಿ ಅದನ್ನು ಮುಟ್ಟುವುದು ಬೇಡ. ಸಮಯ ಸುಮಾರು 390 ಬಡಿತ.

ಇಲ್ಲಿ ಒಂದು ಸತ್ಯ ಹೇಳಿಬಿಡಬೇಕು. ವೇಗವೇ ಮುಖ್ಯವಾದರೆ ಈ ವಿಧಾನ ಗೆಲ್ಲುವುದಿಲ್ಲ. ನೂರನ್ನು ಕಳೆಯುವಷ್ಟು ಸಲ ಕಳೆದು ಎಣಿಸಿ, ಆಮೇಲೆ ಹತ್ತನ್ನು ಕಳೆದು ಎಣಿಸುವ ಅತಿ ಸಾದಾ ಪ್ರೋಗ್ರಾಂ ಎಂಟು ಬಿಟ್‌ಗೆ ತನ್ನ ಅತಿ ಕೆಟ್ಟ ಗಳಿಗೆಯಲ್ಲಿ, ಅಂದರೆ 199 ಬಂದಾಗ, ಸುಮಾರು 65 ಬಡಿತಗಳಲ್ಲಿ ಮುಗಿಸುತ್ತದೆ. 118ರ ಮುಂದೆ ಅದು ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ. ಹದಿನಾರು ಬಿಟ್‌ನಲ್ಲೂ ಕಳೆಯುವವನೇ ಮುಂದು. ಆದರೆ ಕಳೆಯುವವನ ಸಮಯ ಸಂಖ್ಯೆಯಿಂದ ಸಂಖ್ಯೆಗೆ ಏರಿಳಿಯುತ್ತದೆ, ಮೇಲಾಗಿ ಅವನಿಗೆ ಹತ್ತು ಸಾವಿರ, ಸಾವಿರ, ನೂರು ಎಂಬ ಸ್ಥಿರಸಂಖ್ಯೆಗಳ ಸಾಲು ಬೇಕು. ಮೂವತ್ತೆರಡು ಬಿಟ್‌ಗೆ ಹೋದರೆ ಆ ಸಾಲು ನೂರು ಕೋಟಿಯವರೆಗೆ ಬೆಳೆಯುತ್ತದೆ. ಸರಿಸಿ ಕೂಡಿಸುವವನಿಗೆ ಎಷ್ಟೇ ದೊಡ್ಡ ಸಂಖ್ಯೆಯಾದರೂ ತಿಳಿದಿರಬೇಕಾದ ಸ್ಥಿರಸಂಖ್ಯೆ ಮೂರು ಒಂದೇ.

ಈ ವಿಧಾನದ ತವರು ಹಾರ್ಡ್‌ವೇರ್. 1958ರಲ್ಲೇ ಜೆ. ಎಫ್. ಕೂಲರ್ ಎಂಬ ಇಂಜಿನಿಯರ್ ಅಮೆರಿಕದ ಐಆರ್‌ಇ ಪತ್ರಿಕೆಯಲ್ಲಿ ಬೈಡೆಕ್ ಎಂಬ ಬೈನರಿ-ದಶಮಾನ ಪರಿವರ್ತಕವನ್ನು ಕುರಿತು ಬರೆದಿದ್ದರು. ಸರ್ಕಿಟ್ಟಿನಲ್ಲಿ ಎಡಕ್ಕೆ ಸರಿಸಲು ಏನೂ ಖರ್ಚಿಲ್ಲ, ತಂತಿಯನ್ನು ಒಂದು ಮನೆ ಪಕ್ಕಕ್ಕೆ ಜೋಡಿಸಿದರೆ ಸರಿಸಿದಂತೆ. ಐದಾದರೆ ಮೂರು ಕೂಡಿಸುವ ಪುಟ್ಟ ಘಟಕಗಳು ಏಳು ಇದ್ದರೆ ಎಂಟು ಬಿಟ್‌ನ ಪರಿವರ್ತಕ ಸಿದ್ಧ, ಅದಕ್ಕೆ ಗಡಿಯಾರದ ಬಡಿತವೇ ಬೇಡ. ಎಫ್‌ಪಿಜಿಎ ಕಲಿಯುವವರು ಈಗಲೂ ಬರೆಯುವ ಮೊದಲ ಪ್ರಯೋಗಗಳಲ್ಲಿ ಇದೂ ಒಂದು.

ಎಟಿಮೆಗಾದಲ್ಲಿ ಬರೆಯುವವರಿಗೆ ನನ್ನ ಸಲಹೆ ಇಷ್ಟು. ಒಂದೇ ಬೈಟ್ ತೋರಿಸುವುದಿದ್ದು ಸಮಯ ಏರಿಳಿದರೆ ತೊಂದರೆ ಇಲ್ಲವೆಂದಾದರೆ ಸುಮ್ಮನೆ ಕಳೆದು ಎಣಿಸಿ. ಸಮಯ ಖಚಿತವಾಗಿರಬೇಕು ಅಥವಾ ಸಂಖ್ಯೆ ಮೂರು, ನಾಲ್ಕು ಬೈಟ್‌ನದು ಎಂದಾದರೆ ಸರಿಸಿ ಮೂರು ಕೂಡಿಸಿ. ಯಾವುದನ್ನೇ ಬರೆದರೂ ಮೊದಲು 10, 99, 197, 255 ಮತ್ತು 0 ಕೊಟ್ಟು ನೋಡಿ; ಆಮೇಲೆ ಬೇಕಿದ್ದರೆ 256 ಬೆಲೆಗಳನ್ನೂ ಒಂದು ಲೂಪಿನಲ್ಲಿ ಓಡಿಸಿ. ಅಷ್ಟೂ ಪರಿವರ್ತನೆಗಳಿಗೆ ಚಿಪ್ಪು ತೆಗೆದುಕೊಳ್ಳುವುದು ಎರಡು ಮಿಲಿಸೆಕೆಂಡಿನ ಆಸುಪಾಸು.